ನಂಜುಂಡಣ್ಣನಿಗೆ ಬೀಳ್ಕೊಡುಗೆ: ಓದುವ ಪತ್ರ, ಉಡುಗೊರೆ ಲೆಕ್ಕ

ಪೀಣ್ಯ, 31 ಜನವರಿ 2026, ಶನಿವಾರ

ಪ್ರೀತಿಯ ನಂಜುಂಡಣ್ಣ,

ನೀವು ಈ ಶೆಡ್ಡಿಗೆ ಬಂದಿದ್ದು 1996ರಲ್ಲಿ. ಆಗ ಇದ್ದಿದ್ದು ಎರಡೇ ಲೇತು, ಮೇಲೆ ಸೋರುವ ಶೀಟು. ಲಗ್ಗೆರೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದಿರಿ. 2014ರಲ್ಲಿ ಪೀಣ್ಯಕ್ಕೆ ಮೆಟ್ರೋನೇ ಬಂತು, ನಿಮ್ಮ ಸೈಕಲ್ ಮಾತ್ರ ಬದಲಾಗಲಿಲ್ಲ.

ನಾನು ಸೇರಿದ ಎರಡನೇ ವಾರದ ಒಂದು ಸಂಗತಿ ಹೇಳಲೇಬೇಕು. ಚಕ್ ಕೀ ತೆಗೆಯದೆ ಮೆಷೀನ್ ಆನ್ ಮಾಡಿಬಿಟ್ಟೆ. ಕೀ ಹಾರಿ ಹಿಂದಿನ ಗೋಡೆಗೆ ಬಡಿಯಿತು, ಗಾರೆ ಉದುರಿತು. ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆ. ನೀವು ಮೆಷೀನ್ ನಿಲ್ಲಿಸಿ ಟೀ ತರಿಸಿದಿರಿ, ನನ್ನ ಕೈ ನಡುಗುವುದು ನಿಲ್ಲುವವರೆಗೆ ಪಕ್ಕದಲ್ಲೇ ಕೂತಿರಿ. ಮರುದಿನ ಪ್ರತಿ ಲೇತಿನ ಮೇಲೂ ಕೀ ನೇತುಹಾಕಲು ತಂತಿ ಕೊಕ್ಕೆ ಬಂದಿತ್ತು. "ಕೀ ಇಲ್ಲಿ ಕಾಣಿಸಿದ್ರೆ ಮಾತ್ರ ಸ್ವಿಚ್ಚಿಗೆ ಕೈ ಹಾಕು" ಅಂದಿರಿ. ಗೋಡೆಯ ಆ ಗುಂಡಿಗೆ ಸುಣ್ಣ ಬಳಿಯಲು ನೀವು ಇವತ್ತಿಗೂ ಬಿಟ್ಟಿಲ್ಲ. ಹೊಸ ಹುಡುಗರಿಗೆ ಮೊದಲು ಅದನ್ನೇ ತೋರಿಸುತ್ತೀರಿ, ನನ್ನ ಹೆಸರು ಹೇಳಿ!

ಲೋಹದ ಚೂರು ನೀಲಿಯಾದರೆ, ಟೂಲ್ ಕಿರುಗುಟ್ಟಿದರೆ ದೂರದಿಂದಲೇ ನಿಮಗೆ ಗೊತ್ತಾಗುತ್ತಿತ್ತು. ಸೋಮವಾರದಿಂದ ಆ ಕಿವಿ ಇಲ್ಲಿ ಇರುವುದಿಲ್ಲ. ನಂಜನಗೂಡಿನ ಕಡೆಯ ನಿಮ್ಮೂರಿನಲ್ಲಿ ಪಂಪಿನ ಮೋಟರ್ ರಿಪೇರಿ ಮಾಡುತ್ತೀನಿ ಅಂದಿದ್ದೀರಲ್ಲ, ಮಾಡಿ. ಆದರೆ ದುಡ್ಡು ಕೇಳಿ ತಗೊಳ್ಳಿ. ಸುಮ್ನೆ ಮಾಡಿಕೊಟ್ಟು ಬರಬೇಡಿ.

ನಿಮ್ಮ ಹುಡುಗರು

ಉಡುಗೊರೆ ವಿಚಾರ (ನಂಜುಂಡಣ್ಣನ ಕಿವಿಗೆ ಬೀಳಬಾರದು)

ನಾವು ಹತ್ತು ಜನ, ತಲಾ 500, ಒಟ್ಟು 5,000. ಓನರ್ 5,000 ಕೊಡುತ್ತಾರೆ. ಗ್ರಾಚ್ಯುಟಿ ಇದರಲ್ಲಿ ಸೇರಿಲ್ಲ. ಅದು ನಂಜುಂಡಣ್ಣನ ಹಕ್ಕಿನ ದುಡ್ಡು, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ 30 ದಿನದೊಳಗೆ ಕೊಡಬೇಕಾದದ್ದು. ಅರ್ಜಿ ಆಗಲೇ ಆಫೀಸಿಗೆ ಕೊಟ್ಟಾಗಿದೆ.

ಗೋಡೆ ಗಡಿಯಾರ ಬೇಡ ಅಂತ ನನ್ನ ಹಠ. ಅವರ ಮನೆಯಲ್ಲಿ ಆಗಲೇ ಮೂರಿವೆ. ಮೋಟರ್ ಕೆಲಸಕ್ಕೆ ಬೇಕಾದ ರಿಂಗ್ ಸ್ಪ್ಯಾನರ್ ಸೆಟ್ಟು, ಬೇರಿಂಗ್ ಪುಲ್ಲರ್ ಸೇರಿ 3,400. ಅಕ್ಕನಿಗೆ ಸೀರೆ 2,000. ಶಾಲು, ಹಾರ, ಹಣ್ಣು 1,200. ಊಟ 15 ಜನಕ್ಕೆ 2,400, ಹೋಳಿಗೆ ಇರಲೇಬೇಕು. ಉಳಿದ 1,000 ಒಂದು ಮರದ ಡಬ್ಬಿಗೆ.

ಡಬ್ಬಿಯೊಳಗೆ ಅವರದೇ ಮೈಕ್ರೋಮೀಟರ್. ಲೆಕ್ಕದಲ್ಲಿ ಅದು ವರ್ಕ್‌ಶಾಪಿನದು, ಆದರೆ ಓನರ್ ಒಪ್ಪಿದ್ದಾರೆ. ಅವರ ಹೆಬ್ಬೆರಳು ತಾಗುವ ಕಡೆ ಬಣ್ಣ ಸವೆದು ಬೆಳ್ಳಗಾಗಿದೆ, ನೋಡಿದ್ದೀರಲ್ವಾ? ಪಾಲಿಶ್ ಮಾಡಿಸಲು ಹೋಗಬೇಡಿ, ಹಾಗೇ ಇರಲಿ.

ಶನಿವಾರ ಮಧ್ಯಾಹ್ನದವರೆಗೂ ಅದು ಅವರಿಗೆ ಕೆಲಸಕ್ಕೆ ಬೇಕು. ಊಟಕ್ಕೆ ಕೈ ತೊಳೆಯಲು ಹೋದಾಗ ನಾನು ಎತ್ತಿ ಡಬ್ಬಿಗೆ ಹಾಕುತ್ತೇನೆ. ವಾಪಸ್ ಬಂದು ಹುಡುಕಿದರೆ ಯಾರೂ ಬಾಯಿ ಬಿಡಬೇಡಿ.