ರೆಹೋವೋತ್ ಮದುವೆಗೆ ಹೊರಟವರಿಗೆ: ‘ಮಜ಼ಾಲ್ ತೋವ್’ ಕುರಿತ ಪ್ರಶ್ನೆ, ಉತ್ತರ

ಇಸ್ರೇಲಿನ ರೆಹೋವೋತ್ ಪಟ್ಟಣದಲ್ಲಿ ಮಂಗಳವಾರ ಸಂಜೆ ನಡೆಯುವ ಸಹೋದ್ಯೋಗಿಯ ಮದುವೆಗೆ ಬೆಂಗಳೂರಿನಿಂದ ಎಂಟು ಮಂದಿ ಹೊರಟಿದ್ದೀರಿ. ಕರೆಯೋಲೆಯಲ್ಲಿ 7ಕ್ಕೆ ಸ್ವಾಗತ, 8ಕ್ಕೆ ಖುಪ್ಪಾ ಎಂದಿದೆ. ಇಂಥ ಸಂತೋಷದಲ್ಲಿ ಯೆಹೂದ್ಯರು ಅಭಿನಂದಿಸುವ ಮಾತು ‘ಮಜ಼ಾಲ್ ತೋವ್’. ಅದರ ಬಗ್ಗೆ, ಮದುವೆಯ ಬಗ್ಗೆ ನಿಮ್ಮ ಗುಂಪಿನಿಂದ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಮಂಗಳವಾರ ಮದುವೆಯೇ? ತಪ್ಪಾಗಿ ಅಚ್ಚಾಗಿದೆಯೇ?

ತಪ್ಪಾಗಿಲ್ಲ, ಬೇಕೆಂದೇ ಆರಿಸಿಕೊಂಡ ವಾರ ಅದು. ಬೈಬಲ್ಲಿನ ಸೃಷ್ಟಿಕಥೆಯಲ್ಲಿ ಮೂರನೆಯ ದಿನದ ಕೆಲಸವನ್ನು ನೋಡಿ ದೇವರು ‘ಚೆನ್ನಾಗಿದೆ’ ಎಂದದ್ದು ಎರಡು ಸಲ. ಭಾನುವಾರದಿಂದ ಎಣಿಸಿದರೆ ಮೂರನೆಯದು ಮಂಗಳವಾರ. ಆ ‘ಚೆನ್ನಾಗಿದೆ’ಗೆ ಹೀಬ್ರೂ ಮಾತು ‘ತೋವ್’. ನೀವು ಕಲಿಯಬೇಕಾದ ಎರಡು ಪದಗಳಲ್ಲಿ ಒಂದು ಆಗಲೇ ಬಂತು.

ಇನ್ನೊಂದು ಪದ? ಎರಡೂ ಸೇರಿದರೆ ‘ಗುಡ್ ಲಕ್’ ಎಂದೇ ತಾನೇ ಅರ್ಥ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ‘ಮಜ಼ಾಲ್’ ಎಂದರೆ ಮೂಲದಲ್ಲಿ ನಕ್ಷತ್ರಪುಂಜ, ರಾಶಿ. ಮೇಷ ರಾಶಿಗೆ ಇಂದಿಗೂ ಹೀಬ್ರೂವಿನಲ್ಲಿ ‘ಮಜ಼ಾಲ್ ತಲೇ’ ಎನ್ನುತ್ತಾರೆ. ತಲೇ ಅಂದರೆ ಕುರಿಮರಿ. ರಾಶಿಯಿಂದ ಯೋಗ, ಯೋಗದಿಂದ ಅದೃಷ್ಟ, ಹೀಗೆ ಅರ್ಥ ಬೆಳೆಯಿತು. ‘ಒಳ್ಳೆಯ ಗಳಿಗೆ ಕೂಡಿಬಂತು’ ಎಂಬ ನಮ್ಮ ಮಾತು ಅದಕ್ಕೆ ತೀರಾ ಹತ್ತಿರ.

‘ಕೂಡಿಬಂತು’ ಎಂಬುದನ್ನು ಗಮನಿಸಿ. ಒಳ್ಳೆಯದು ಆದ ಮೇಲೆ ಹೇಳುವ ಮಾತಿದು. ನಾಳೆ ಪರೀಕ್ಷೆಗೋ ಸಂದರ್ಶನಕ್ಕೋ ಹೋಗುವವರಿಗೆ ಮಜ಼ಾಲ್ ತೋವ್ ಎಂದರೆ, ಅವರು ಪಾಸಾಗುವ ಮೊದಲೇ ಅಭಿನಂದಿಸಿದಂತೆ ಆಗುತ್ತದೆ. ಅಲ್ಲಿ ಹೇಳುವುದು ‘ಬೆಹತ್ಸ್ಲಾಖಾ’, ಅಂದರೆ ಗೆದ್ದು ಬಾ. ಗರ್ಭಿಣಿಗೂ ಮಜ಼ಾಲ್ ತೋವ್ ಅನ್ನುವುದಿಲ್ಲ. ‘ಬೆಶಾಆ ತೋವಾ’ ಅನ್ನುತ್ತಾರೆ, ಒಳ್ಳೆಯ ಗಳಿಗೆಯಲ್ಲಿ ಆಗಲಿ ಎಂದು. ಮಗು ಹುಟ್ಟಿದ ಮೇಲೆ ಮಜ಼ಾಲ್ ತೋವ್.

ಹಾಗಾದರೆ ಮದುವೆ ಮುಗಿಯುವವರೆಗೂ ಹೇಳಬಾರದೇ?

ಹೇಳಬಹುದು. ಮದುವೆ ಗೊತ್ತಾದದ್ದೇ ಒಂದು ಒಳ್ಳೆಯ ಸುದ್ದಿ, ಹಾಗಾಗಿ ಕರೆಯೋಲೆ ಬಂದ ದಿನವೇ ಹೇಳಿದ್ದರೂ ಸರಿ. ಏಳು ಗಂಟೆಯ ಸ್ವಾಗತದಲ್ಲಿ ತಂದೆತಾಯಿ ಎದುರಾದಾಗ ಮೊದಲ ಮಾತೇ ಅದು. ವಧೂವರರ ತಂದೆತಾಯಿ, ಅಜ್ಜಅಜ್ಜಿ, ಅಕ್ಕತಂಗಿ, ಎಲ್ಲರಿಗೂ ಹೇಳಬೇಕು. ಮಗಳ ಮದುವೆ ಅಮ್ಮನಿಗೂ ಮಜ಼ಾಲ್. ಒಬ್ಬರಿಗೆ, ಹಲವರಿಗೆ, ಗಂಡಿಗೆ, ಹೆಣ್ಣಿಗೆ, ಹಿರಿಯರಿಗೆ ಮಾತು ಬದಲಾಗುವುದಿಲ್ಲ. ಹೀಬ್ರೂವಿನಲ್ಲಿ ಹಾಗೆ ಬದಲಾಗದ ಮಾತು ಕಡಿಮೆ, ಇದು ನಿಮ್ಮ ಪುಣ್ಯ.

ಬಾಯಿ ಮುಚ್ಚಿಕೊಂಡಿರಬೇಕಾದದ್ದು ಖುಪ್ಪಾದ ಹೊತ್ತಿನಲ್ಲಿ ಮಾತ್ರ.

ಖುಪ್ಪಾ ಅಂದರೆ? ಅಲ್ಲಿ ಯಾವಾಗ ಕೂಗಬೇಕು?

ನಾಲ್ಕು ಕೋಲಿನ ಮೇಲೆ ಬಟ್ಟೆ ಕಟ್ಟಿದ ಚಪ್ಪರ. ಅದರ ಕೆಳಗೆ ನಡೆಯುವ ಮದುವೆಯ ಶಾಸ್ತ್ರಕ್ಕೂ ಅದೇ ಹೆಸರು, ಸುಮಾರು ಅರ್ಧ ಗಂಟೆಯ ಕಾರ್ಯ. ಇಸ್ರೇಲಿನಲ್ಲಿ ಅನೇಕ ಕಡೆ ಅತಿಥಿಗಳು ಚಪ್ಪರದ ಸುತ್ತ ನಿಂತೇ ನೋಡುತ್ತಾರೆ, ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ.

ಮೊದಲು ದ್ರಾಕ್ಷಾರಸದ ಬಟ್ಟಲು ಹಿಡಿದು ಎರಡು ಮಂತ್ರ. ವರ ವಧುವಿನ ಬಲಗೈ ತೋರುಬೆರಳಿಗೆ ಉಂಗುರ ತೊಡಿಸುತ್ತಾನೆ. ಆಗ ಸುತ್ತ ನಿಂತವರಿಂದ ‘ಮೆಕುದೇಶೆತ್’ ಎಂಬ ಕೂಗು ಕೇಳಿಬರಬಹುದು. ‘ನನಗೆ ಮೀಸಲಾದವಳು’ ಎಂದು ಅವನು ಹೇಳಿದ್ದರ ಪ್ರತಿಧ್ವನಿ ಅದು, ನಿಮ್ಮ ಕೂಗಿಗೆ ಇನ್ನೂ ಸಮಯವಿದೆ. ಆಮೇಲೆ ಕೆತುಬ್ಬಾ ಎಂಬ ವಿವಾಹ ಪತ್ರವನ್ನು ಅರಾಮೇಯಿಕ್ ಭಾಷೆಯಲ್ಲಿ ಓದುತ್ತಾರೆ. ಇಲ್ಲಿ ಎಲ್ಲರಿಗೂ ಬೇಸರ ಬರುತ್ತದೆ, ಫೋನಿಗೆ ಕೈ ಹೋಗುತ್ತದೆ. ತಡೆದುಕೊಳ್ಳಿ. ಮುಂದಿನದು ಏಳು ಆಶೀರ್ವಾದ; ಒಂದೊಂದರ ಕೊನೆಗೂ ಜನ ‘ಆಮೆನ್’ ಅನ್ನುತ್ತಾರೆ, ನೀವೂ ಅನ್ನಬಹುದು. ಚಪ್ಪಾಳೆ ಬೇಡ.

ಕೊನೆಗೆ ಬಟ್ಟೆಯಲ್ಲೋ ಹಾಳೆಯಲ್ಲೋ ಸುತ್ತಿದ ಗಾಜಿನ ಲೋಟವನ್ನು ವರನ ಬಲಗಾಲ ಬಳಿ ಇಡುತ್ತಾರೆ. ಅಷ್ಟರಲ್ಲಿ ಸದ್ದೆಲ್ಲ ತಗ್ಗುತ್ತದೆ. ‘ಜೆರುಸಲೇಮೇ, ನಿನ್ನನ್ನು ಮರೆತರೆ ನನ್ನ ಬಲಗೈ ಮರೆತುಹೋಗಲಿ’ ಎಂಬ ಬೈಬಲ್ಲಿನ 137ನೆಯ ಕೀರ್ತನೆಯ ಸಾಲನ್ನು ಹೇಳುತ್ತಾರೆ ಅಥವಾ ಹಾಡುತ್ತಾರೆ. ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದ ಜೆರುಸಲೇಮಿನ ದೇವಾಲಯದ ನೆನಪು ಅದು. ಸಂತೋಷದ ತುತ್ತತುದಿಯಲ್ಲೂ ಆ ನೋವನ್ನು ಮರೆಯಬಾರದೆಂದು. ಈ ಸಾಲಿಗೆ ಕೂಗಿಬಿಟ್ಟರೆ ಅಭಾಸವಾಗುತ್ತದೆ. ವರ ಕಾಲೆತ್ತಿ ತುಳಿಯುತ್ತಾನೆ. ಗಾಜು ಚಟ್ಟನೆ ಒಡೆಯುತ್ತದೆ.

ಈಗ ಕೂಗಿ: ಮಜ಼ಾಲ್ ತೋವ್!

ಗಟ್ಟಿಮೇಳ ಮೊಳಗಿದ ಕ್ಷಣಕ್ಕೆ ಮಂಟಪದ ತುಂಬ ಅಕ್ಷತೆ ಬೀಳುತ್ತದಲ್ಲ, ಅದೇ ಕ್ಷಣ ಇದು. ಕೈಯ ಅಕ್ಷತೆಯ ಬದಲು ಬಾಯ ಮಾತು. ಒಬ್ಬೊಬ್ಬರೇ ಮೆಲ್ಲಗೆ ಹೇಳುವುದಲ್ಲ, ಎಲ್ಲರೂ ಒಟ್ಟಿಗೆ, ಗಂಟಲು ಬಿಚ್ಚಿ. ಬಟ್ಟೆ ಸುತ್ತಿರುವುದರಿಂದ ಹಿಂದೆ ನಿಂತವರಿಗೆ ಗಾಜಿನ ಸದ್ದು ಕೇಳಿಸದೆ ಹೋಗಬಹುದು; ಕಿವಿಯನ್ನು ನಂಬದೆ ವರನ ಮೊಣಕಾಲು ಮೇಲೇಳುವುದನ್ನು ನೋಡಿ. ತಡವಾದರೆ ಚಿಂತೆಯಿಲ್ಲ, ಕೂಗು ಅಲೆ ಅಲೆಯಾಗಿ ಬರುತ್ತದೆ. ಅವಸರ ಮಾಡಿದರೆ ಮಾತ್ರ ನಿಮ್ಮ ದನಿಯೊಂದೇ ಕೇಳಿಸುತ್ತದೆ.

ಉಚ್ಚಾರ ಹೇಗೆ? ಕೆಲವರು ಮಾಜ಼ೆಲ್ ಅನ್ನುತ್ತಾರೆ, ಕೆಲವರು ಮಜ಼ಾಲ್.

ಎರಡೂ ಸರಿ. ಪೂರ್ವ ಯುರೋಪಿನ ಯೆಹೂದ್ಯರ ಯಿದ್ದಿಷ್ ಭಾಷೆಯಲ್ಲಿ ‘ಮಾ’ ಮೇಲೆ ಒತ್ತು, ಎರಡನೆಯ ಸ್ವರ ಸವೆದು ‘ಮಾಜ಼್ಲ್’ ಆಗುತ್ತದೆ. ಅಮೆರಿಕದಲ್ಲಿ ಕೇಳುವುದು ಅದೇ. ಹೀಬ್ರೂವಿನಲ್ಲಿ ಒತ್ತು ‘ಜ಼ಾಲ್’ ಮೇಲೆ. ಆದರೆ ಅಭಿನಂದಿಸುವಾಗ ಇಸ್ರೇಲಿಗರೂ ಎಷ್ಟೋ ಸಲ ಯಿದ್ದಿಷ್ ಲಯದಲ್ಲಿ ‘ಮಾ’ ಮೇಲೆ ಒತ್ತು ಹಾಕುತ್ತಾರೆ. ಅಲ್ಲಿ ಕಿವಿಗೆ ಬಿದ್ದಂತೆ ಹೇಳಿ.

ಕನ್ನಡದ ನಾಲಗೆಗೆ ತೊಡಕಾಗುವುದು ಒತ್ತಲ್ಲ, ಬೇರೆ ಎರಡು. ಒಂದು, ‘ಜ಼’. ‘ಜನ’ದ ಜ ಅಲ್ಲ, ‘ಸ’ ಹೇಳುತ್ತಾ ಗಂಟಲನ್ನು ಗುಂಯ್‌ಗುಟ್ಟಿಸಿ, ಬರುತ್ತದೆ. ಎರಡು, ಪದದ ಕೊನೆಗೆ ಉಕಾರ ಅಂಟಿಸುವ ನಮ್ಮ ಅಭ್ಯಾಸ. ಬಸ್ ‘ಬಸ್ಸು’ ಆದಂತೆ ಇದು ‘ಮಜಲು ತೋವು’ ಆಗಿಬಿಡುತ್ತದೆ, ಪ್ರಯಾಣದ ಯಾವುದೋ ಹಂತ ಹೇಳಿದ ಹಾಗೆ. ‘ಲ್’ ಆದ ಕೂಡಲೆ ನಿಲ್ಲಿಸಿ. ‘ವ್’ ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ತಾಗಿ ಅಲ್ಲೇ ಮುಗಿಯಬೇಕು. ವಿಮಾನದಲ್ಲಿ ಹತ್ತು ಸಲ ಹೇಳಿಕೊಂಡರೆ ಸಾಕು.

ಪದದಲ್ಲಿ ರಾಶಿ ಇದೆ ಎಂದಿರಿ. ಅವರೂ ಜಾತಕ ನೋಡುತ್ತಾರಾ?

ಮದುವೆಗೆ ಜಾತಕ ಕೂಡಿಸುವ ಪದ್ಧತಿ ಇಲ್ಲ. ಗ್ರಹಬಲದ ಬಗ್ಗೆ ಅವರಲ್ಲೇ ಹಳೆಯ ವಾದವಿದೆ. ‘ಇಸ್ರೇಲಿಗೆ ಮಜ಼ಾಲ್ ಇಲ್ಲ’, ಅಂದರೆ ಈ ಜನರ ಬದುಕು ನಕ್ಷತ್ರದ ಕೈಯಲ್ಲಿಲ್ಲ ಎಂಬ ಮಾತು ಅವರ ಧರ್ಮಗ್ರಂಥ ತಾಲ್ಮುದ್‌ನಲ್ಲೇ ಇದೆ. 12ನೆಯ ಶತಮಾನದ ಪಂಡಿತ ಮೈಮೊನಿಡಿಸ್ ಜ್ಯೋತಿಷ್ಯವನ್ನು ಖಂಡಿಸಿ ಪತ್ರವನ್ನೇ ಬರೆದ. ಆದರೆ ಇಸ್ರೇಲಿನ ಬೇತ್ ಆಲ್ಫಾದಲ್ಲಿ ಸಿನಗಾಗ್ ಎಂಬ ಅವರ ಹಳೆಯ ಪ್ರಾರ್ಥನಾಮಂದಿರದ ನೆಲಹಾಸಿನಲ್ಲಿ ಹನ್ನೆರಡು ರಾಶಿಗಳ ಚಿತ್ರ ಇಂದಿಗೂ ಇದೆ. ಮದುವೆ ಮನೆಯಲ್ಲಿ ಕೂಗುವವರಿಗೆ ಇದಾವುದೂ ನೆನಪಿಗೆ ಬರುವುದಿಲ್ಲ. ಅವರಿಗೆ ಅದು ಬರೀ ಸಂತೋಷದ ಮಾತು.

ನಮಗೆ ಯಾರಾದರೂ ಹೇಳಿದರೆ ಏನನ್ನಬೇಕು?

‘ತೋದಾ’ ಅಥವಾ ‘ತೋದಾ ರಬ್ಬಾ’, ಧನ್ಯವಾದ. ನಿಮ್ಮಲ್ಲಿ ಮದುವೆಯಾಗದವರಿಗೆ ಎಚ್ಚರಿಕೆ: ಅಜ್ಜಿಯರು ಬಂದು ‘ಬೆಕರೋವ್ ಎತ್ಸ್ಲೇಖ್’ ಎಂದೇ ಎನ್ನುತ್ತಾರೆ, ‘ಬೇಗ ನಿನ್ನದೂ ಆಗಲಿ’ ಎಂದು. ಗಂಡಸಿಗಾದರೆ ‘ಎತ್ಸ್ಲೆಖಾ’. ನಮ್ಮ ಕಡೆಯ ‘ನಿಂದ್ಯಾವಾಗಮ್ಮ?’ಗಿಂತ ಇದು ಮೃದು, ಹಾರೈಕೆ ಮಾತ್ರ. ‘ಆಮೆನ್’ ಎಂದರೆ ಅಜ್ಜಿಗೆ ಖುಷಿ.

ಅಭಿನಂದನಾ ಪತ್ರದ ಮೇಲೆ ಹೀಬ್ರೂ ಅಕ್ಷರದಲ್ಲೇ ಅಚ್ಚು ಹಾಕಿಸಬೇಕೆಂದಿದ್ದೇವೆ.

ಒಳ್ಳೆಯ ಯೋಚನೆ, ಆದರೆ ಅಚ್ಚಿಗೆ ಕೊಡುವ ಮೊದಲು ಪರೀಕ್ಷಿಸಿ. ಹೀಬ್ರೂ ಓದುವುದು ಬಲದಿಂದ ಎಡಕ್ಕೆ. ಬೆಂಗಳೂರಿನ ಡಿಟಿಪಿಯವರ ತಂತ್ರಾಂಶ ಅದಕ್ಕೆ ಸಿದ್ಧವಿಲ್ಲದಿದ್ದರೆ ಅಂಟಿಸಿದ ಅಕ್ಷರಗಳು ತಿರುಗುಮುರುಗಾಗುತ್ತವೆ, ಅಚ್ಚಿನವರಿಗೆ ಯಾರಿಗೂ ಗೊತ್ತೂ ಆಗುವುದಿಲ್ಲ. ಅಕ್ಷರ ಬಾರದವರೂ ಹೀಗೆ ನೋಡಬಹುದು: ಪದ ಎರಡು, ಅಕ್ಷರ ಮೂರು ಮೂರು. ಬಲಗಡೆಯಿಂದ ಮೇಮ್, ಜ಼ಾಯಿನ್, ಲಾಮೆದ್. ಮುಂದಿನ ಪದ ತೇತ್, ವಾವ್, ಬೇತ್. ಲಾಮೆದ್ ಒಂದೇ ಉಳಿದವುಗಳಿಗಿಂತ ಮೇಲಕ್ಕೆ ಕತ್ತೆತ್ತಿರುತ್ತದೆ. ಆ ಕತ್ತು ಬಲಗಡೆಯ ಪದದಲ್ಲಿದ್ದರೆ ಸರಿ, ಎಡಗಡೆಯ ಪದದಲ್ಲಿದ್ದರೆ ಎಲ್ಲ ತಿರುವಾಗಿದೆ. ಅಕ್ಷರವನ್ನು ಚಿತ್ರವಾಗಿಸಿ ಕಳಿಸಿದರೆ ಈ ತಾಪತ್ರಯವಿಲ್ಲ.

ಮುಯ್ಯಿ ಎಷ್ಟು? 501, 1001 ಥರ ಅವರಲ್ಲೂ ಇದೆಯೇ?

ಇದೆ, 18. ಹೀಬ್ರೂ ಅಕ್ಷರಗಳಿಗೆ ಅಂಕಿಬೆಲೆಯುಂಟು. ಖೇತ್ 8, ಯೋದ್ 10, ಕೂಡಿದರೆ ‘ಖಾಯ್’, ಜೀವಂತ ಎಂದರ್ಥ. ಅದಕ್ಕೇ 180, 360 ಎಂದು ಕೊಡುವುದುಂಟು. ಅಮೆರಿಕದಲ್ಲಿ ಇದರ ಬಳಕೆ ಹೆಚ್ಚು. ಇಸ್ರೇಲಿನಲ್ಲಿ ಸಭಾಂಗಣದ ಬಾಗಿಲಲ್ಲೇ ಲಕೋಟೆ ಹಾಕುವ ಪೆಟ್ಟಿಗೆ ಇರುತ್ತದೆ. ಲಕೋಟೆಯ ಮೇಲೆ ಹೆಸರು ಬರೆಯದಿದ್ದರೆ ಯಾರದೆಂದು ತಿಳಿಯುವುದಿಲ್ಲ.

ಮೈಸೂರು ಪಾಕು ಒಯ್ಯಬೇಡಿ. ಕೋಶರ್ ಎಂಬ ಅವರ ಆಹಾರ ನಿಯಮದಲ್ಲಿ ಹಾಲಿನದೂ ಮಾಂಸದ್ದೂ ಒಂದೇ ಊಟದಲ್ಲಿ ಕೂಡವು, ತುಪ್ಪ ಹಾಲಿನ ಲೆಕ್ಕಕ್ಕೆ ಬರುತ್ತದೆ. ಹೊರಗಿನ ಅಡುಗೆಯನ್ನು ಸಭಾಂಗಣಕ್ಕೆ ಬಿಡುವುದೂ ಕಷ್ಟ. ಅದೇ ಕಾರಣಕ್ಕೆ ಮಾಂಸದೂಟವಿದ್ದರೆ ಕಾಫಿಗೆ ಹಾಲು ಸಿಗದು. ಸಸ್ಯಾಹಾರಿಗಳು ಈಗಲೇ ತಿಳಿಸಿಬಿಡಿ. ಏಳು ಗಂಟೆಯ ಸ್ವಾಗತದಲ್ಲೇ ತಿಂಡಿ ಧಾರಾಳವಾಗಿರುತ್ತದೆ, ಅಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಮುಂದಿನ ಊಟ ಸೇರದು.

ಕೈ ಕುಲುಕಿ, ತಬ್ಬಿ ಹೇಳಬಹುದೇ?

ಮನೆತನದ ಮೇಲೆ ಹೋಗುತ್ತದೆ. ಮಡಿವಂತರು ಪರಪುರುಷ, ಪರಸ್ತ್ರೀಯರ ಕೈ ಮುಟ್ಟುವುದಿಲ್ಲ. ಅವರಾಗಿ ಕೈ ಚಾಚಿದರೆ ಕುಲುಕಿ. ಇಲ್ಲವಾದರೆ ನಮ್ಮ ನಮಸ್ಕಾರ ಇದ್ದೇ ಇದೆ, ಕೈಮುಗಿದು ಮಜ಼ಾಲ್ ತೋವ್ ಎಂದರೆ ತುಂಬ ಚೆನ್ನಾಗಿ ಹೊಂದುತ್ತದೆ. ಗಂಡಸರಿಗೆ ಬಾಗಿಲಲ್ಲಿ ಕಿಪ್ಪಾ ಟೋಪಿ ಕೊಟ್ಟರೆ ತಲೆಗಿಟ್ಟುಕೊಳ್ಳಿ. ಸೀರೆ ಉಡಬಹುದು, ಭುಜ, ಸೊಂಟ ಮುಚ್ಚುವಂತೆ ಸೆರಗು ಹೊದ್ದರೆ ಎಲ್ಲ ಮನೆಗೂ ಒಪ್ಪುತ್ತದೆ.

ಖುಪ್ಪಾ ಮುಗಿದ ಮೇಲೆ ಕೆಲವೆಡೆ ಜನ ನುಗ್ಗಿ ಜೋಡಿಯನ್ನು ತಬ್ಬುತ್ತಾರೆ. ಸಂಪ್ರದಾಯಸ್ಥರಲ್ಲಿ ಜೋಡಿ ನೇರ ಒಂದು ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಇಬ್ಬರೇ ಇರುತ್ತಾರೆ. ಅಭಿನಂದಿಸಲು ಹಿಂಬಾಲಿಸಬೇಡಿ.

ಕುಣಿತದಲ್ಲಿ ಮತ್ತೆ ಇದೇ ಮಾತು ಹಾಡಾಗಿ ಬರುತ್ತದಂತೆ?

ಹೌದು. ‘ಸಿಮಾನ್ ತೋವ್’ ಎಂಬ ಜೊತೆಪದ ಸೇರಿಸಿ ಹಿಂದುಮುಂದು ಹಾಡುವ ಸಾಂಪ್ರದಾಯಿಕ ಹಾಡು. ಸಿಮಾನ್ ಅಂದರೆ ಶಕುನ. ಶುಭ ಶಕುನ, ಶುಭ ಯೋಗ. ವರ್ತುಲದಲ್ಲಿ ಪಕ್ಕದವರ ಹೆಗಲು ಹಿಡಿದು ನಡೆದರೆ ಸಾಕು, ಮೂರನೆಯ ಸುತ್ತಿಗೆ ಹಾಡು ಬಾಯಿಗೆ ಬಂದಿರುತ್ತದೆ. ಗಂಡಸರೂ ಹೆಂಗಸರೂ ಬೇರೆ ಬೇರೆ ವರ್ತುಲದಲ್ಲಿದ್ದರೆ ನಿಮ್ಮ ಕಡೆಯದಕ್ಕೇ ಸೇರಿಕೊಳ್ಳಿ. ಜೋಡಿಯನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆತ್ತುವಾಗ ಒಂದೊಂದು ಕುರ್ಚಿಗೂ ಕಾಲಿಗೆ ಒಬ್ಬರಂತೆ ನಾಲ್ಕು ಗಟ್ಟಿ ಆಳು ಬೇಕು. ನೀವೂ ಕೈಜೋಡಿಸಿದರೆ, ಕುರ್ಚಿ ನೆಲಕ್ಕೆ ಬರುವವರೆಗೂ ಬಿಡಬೇಡಿ.