ಪೂರ್ವ ಅಧ್ಯಯನಗಳ ಸಮೀಕ್ಷೆ: ನಿಲ್ಲಿಸಿ ಮುಂದುವರಿಸುವ ಓದು ಮತ್ತು ಪರದೆ

ಕಾಗದದಲ್ಲಿ ಓದಿದ್ದು ಹೆಚ್ಚು ಅರ್ಥವಾಗುತ್ತದೆಯೋ ಪರದೆಯಲ್ಲಿ ಓದಿದ್ದೋ ಎಂಬ ಪ್ರಶ್ನೆಗೆ, ಸರಾಸರಿಯ ಮಟ್ಟಿಗೆ, ಉತ್ತರ ಸಿಕ್ಕಿದೆ ಎಂದು ಒಪ್ಪಿಕೊಂಡೇ ಈ ಪ್ರಸ್ತಾವನೆ ಹೊರಡುತ್ತದೆ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಡೆಲ್ಗಾಡೊ ಮತ್ತು ಸಂಗಡಿಗರ (2018) ಮೆಟಾ-ವಿಶ್ಲೇಷಣೆಯಲ್ಲಿ ಕಾಗದದ್ದೇ ಮೇಲುಗೈ. ಅಂತರ ದೊಡ್ಡದಲ್ಲ; ಆದರೆ ವರ್ಷ ಕಳೆದಂತೆ ಅದು ಕುಗ್ಗುವ ಬದಲು ಹಿಗ್ಗಿದೆ. ರೂಢಿಯಾದರೆ ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ. ಅಂತರ ಹುಟ್ಟುವುದೆಲ್ಲಿ ಎಂಬುದಕ್ಕೆ ಹೆಚ್ಚು ಬೆಳಕು ಚೆಲ್ಲುವುದು ಅದಕ್ಕೂ ಹಿಂದಿನ ಒಂದು ಪ್ರಯೋಗ. ಓದಿನ ಅವಧಿಯನ್ನು ಸಂಶೋಧಕರೇ ಗೊತ್ತುಮಾಡಿದಾಗ ಎರಡೂ ಗುಂಪಿನವರು ಸರಿಸಮವಾಗಿ ನಿಂತರು. ಎಷ್ಟು ಹೊತ್ತು ಓದಬೇಕೆಂಬುದನ್ನು ಓದುಗರಿಗೇ ಬಿಟ್ಟಾಗ ಪರದೆಯಲ್ಲಿ ಓದಿದವರು ಹಿಂದೆ ಬಿದ್ದರು (ಅಕರ್ಮನ್ ಮತ್ತು ಗೋಲ್ಡ್‌ಸ್ಮಿತ್, 2011). ಅಂದರೆ ತೊಡಕಿರುವುದು ಕಣ್ಣಿನಲ್ಲಿ ಅಲ್ಲ, ‘ಇಷ್ಟು ಸಾಕು’ ಎಂಬ ನಿರ್ಧಾರದಲ್ಲಿ. ಈ ಹೊಳಹು ಅಮೂಲ್ಯವಾದರೂ ಅಲ್ಲಿ ಬಳಸಿದ್ದು ಒಂದೇ ಬಾರಿಗೆ ಓದಿ ಮುಗಿಸಬಹುದಾದ ಸಣ್ಣ ಮಾಹಿತಿಪರ ಪಠ್ಯಗಳನ್ನು. ಓದುಗರು ‘ಸಾಕು’ ಎನ್ನುವುದು ಪಠ್ಯ ಮುಗಿದ ಮೇಲೆ. ಪದವಿ ವಿದ್ಯಾರ್ಥಿಯಾದರೋ ನಲವತ್ತು ಪುಟದ ಅಧ್ಯಾಯದ ನಡುವೆ ಎಲ್ಲೋ ನಿಲ್ಲಿಸುತ್ತಾನೆ, ಎರಡು ದಿನ ಬಿಟ್ಟು ಬರುತ್ತಾನೆ, ಎಲ್ಲಿದ್ದೆ ಎಂದು ತಡಕಾಡುತ್ತಾನೆ. ದೀರ್ಘ ಪಠ್ಯವನ್ನು ಕೈಗೆತ್ತಿಕೊಂಡವರು ಇಲ್ಲವೆಂದಲ್ಲ. ಮಾಂಗೆನ್, ಒಲಿವಿಯೆ ಮತ್ತು ವೆಲೆ (2019) ನೀಳ್ಗತೆಯೊಂದನ್ನು ಓದಿಸಿ, ಮುದ್ರಿತ ಪುಸ್ತಕ ಹಿಡಿದವರು ಘಟನೆಗಳ ಕ್ರಮವನ್ನು ಕಿಂಡಲ್ ಹಿಡಿದವರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡದ್ದನ್ನು ತೋರಿಸಿದರು. ಆದರೆ ಅದು ಕಥೆ, ಅದೂ ಒಂದೇ ಕೂರಿಕೆಯ ಓದು. ಮೇಲಿನ ಮೆಟಾ-ವಿಶ್ಲೇಷಣೆಯಲ್ಲಿ ಕಥನವನ್ನಷ್ಟೇ ಓದಿಸಿದ ಕಡೆ ಮಾಧ್ಯಮದ ಅಂತರ ಕಾಣಿಸಿಲ್ಲ, ಮಾಹಿತಿಪರ ಬರಹಗಳಲ್ಲಿ ಕಾಣಿಸಿದೆ. ಹೀಗೆ, ನಿಲ್ಲಿಸುವ ನಿರ್ಧಾರವನ್ನು ನೋಡಿದವರ ಕೈಯಲ್ಲಿ ಸಣ್ಣ ಪಠ್ಯವಿತ್ತು, ದೀರ್ಘ ಪಠ್ಯವನ್ನು ನೋಡಿದವರ ಕೈಯಲ್ಲಿ ಕಥೆಯಿತ್ತು. ದೀರ್ಘವಾದ, ಮಾಹಿತಿಪರವಾದ, ಹಲವು ದಿನಗಳಿಗೆ ಹರಡಿಕೊಂಡ ಓದು ಎರಡು ಧಾರೆಗಳ ನಡುವೆ ಉಳಿದುಹೋಗಿದೆ. ಇದನ್ನು ಮೆಟಾ-ವಿಶ್ಲೇಷಣೆ ತುಂಬಿಕೊಡಲಾರದು. ಮೂಲ ಅಧ್ಯಯನಗಳು ಅಳೆಯದ್ದನ್ನು ಎಷ್ಟು ಕೂಡಿದರೂ ಮೊತ್ತದಲ್ಲಿ ಬರುವುದಿಲ್ಲ. ಆದ್ದರಿಂದ ನನ್ನ ಪ್ರಶ್ನೆ ಯಾವ ಮಾಧ್ಯಮ ಮೇಲು ಎಂಬುದಲ್ಲ. ಪರದೆಯಲ್ಲಿ ಓದುವವರು ನಡುವೆ ನಿಲ್ಲಿಸುವ ಜಾಗಕ್ಕೂ ಅಲ್ಲಿಯವರೆಗೆ ಅವರಿಗೆ ನಿಜವಾಗಿ ತಿಳಿದದ್ದಕ್ಕೂ ಏನು ಸಂಬಂಧ, ತಿಳಿದದ್ದಕ್ಕಿಂತ ಹೆಚ್ಚು ತಿಳಿಯಿತೆಂದು ಅಂದುಕೊಂಡು ನಿಲ್ಲಿಸಿದ್ದರೆ ಮರಳಿ ಬಂದಾಗ ಆ ತಪ್ಪಂದಾಜು ತಿದ್ದಿಕೊಳ್ಳುತ್ತದೆಯೇ ಅಥವಾ ಮುಂದಿನ ಪುಟಗಳಿಗೂ ಹಬ್ಬುತ್ತದೆಯೇ ಎಂಬುದು. ಇದಕ್ಕಾಗಿ ಅರವತ್ತು ವಿದ್ಯಾರ್ಥಿಗಳು ಒಂದೇ ಅಧ್ಯಾಯವನ್ನು, ಅರ್ಧದಷ್ಟು ಮಂದಿ ಕಾಗದದಲ್ಲೂ ಉಳಿದವರು ಪರದೆಯಲ್ಲೂ, ನಾಲ್ಕು ದಿನಗಳಲ್ಲಿ ತಮಗೆ ಬೇಕಾದಲ್ಲಿ ನಿಲ್ಲಿಸುತ್ತ ಓದುತ್ತಾರೆ. ಪ್ರತಿ ಬಾರಿ ಮುಂದುವರಿಸುವ ಮುನ್ನ ತಮಗೆಷ್ಟು ತಿಳಿದಿದೆ ಎಂದು ಅಂದಾಜಿಸಿ, ಕಿರುಪರೀಕ್ಷೆಯೊಂದನ್ನು ಬರೆಯುತ್ತಾರೆ. ಕಣ್ಣಿನ ಚಲನೆ ಅಳೆಯುವ ಉಪಕರಣವನ್ನು ಬೇಕೆಂದೇ ಕೈಬಿಟ್ಟಿದ್ದೇನೆ: ಅದಕ್ಕೆ ಓದುಗರನ್ನು ಪ್ರಯೋಗಾಲಯದಲ್ಲಿ ಕೂರಿಸಬೇಕು, ಕೂರಿಸಿದೊಡನೆ ಓದು ಮತ್ತೆ ಒಂದೇ ಕೂರಿಕೆಯದಾಗುತ್ತದೆ.