ಆಯುಧಪೂಜೆಗೆ ಮುಂಚೆ ಒಂದು ಮಾತು: ಚಿಕ್ಕಮಗಳೂರಿನ ನಮ್ಮ ಅಂಗಡಿಯವರಿಗೂ ಗುತ್ತಿಗೆದಾರರಿಗೂ

ಎಲ್ಲರಿಗೂ ನಮಸ್ಕಾರ.

ಇನ್ನು ನಾಲ್ಕು ದಿನಕ್ಕೆ ಆಯುಧಪೂಜೆ. ಎಂ.ಜಿ. ರಸ್ತೆಯ ದಿನಸಿ ಅಂಗಡಿಯಿಂದ ಹಿಡಿದು ಊರಾಚೆಯ ಸಿಮೆಂಟ್ ಗೋಡೌನ್ ತನಕ ಎಲ್ಲರೂ ತಕ್ಕಡಿ ತೊಳೆದು, ಮಿಕ್ಸರ್ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತೇವೆ. ಸಂಘದ ಅಧ್ಯಕ್ಷನಾಗಿ ಅದಕ್ಕೆ ಮುಂಚೆ ಸ್ವಲ್ಪ ಮಾತಾಡಬೇಕಿದೆ. ಕೆಲವರಿಗೆ ಕಹಿ ಅನಿಸಬಹುದು. ಪೂರ್ತಿ ಓದಿ, ಆಮೇಲೆ ಬೈಯಿರಿ.

ನಮ್ಮ ಸಭೆಗಳಲ್ಲಿ ಲಂಚದ ಮಾತು ಬಂದರೆ ಎಲ್ಲರೂ ಜೋರಾಗಿ ಮಾತಾಡುತ್ತೇವೆ. ಯಾವ ಟೇಬಲ್ಲಿಗೆ ಎಷ್ಟು, ಯಾರು ಬಾಯಿಬಿಟ್ಟು ಕೇಳುತ್ತಾರೆ, ಯಾರು ಡ್ರೈವರ್ ಕೈಲಿ ಕೇಳಿಸುತ್ತಾರೆ, ಎಲ್ಲ ಗೊತ್ತು. ತೂಕದ ಮಾತು, ಮಾಲಿನ ಮಾತು ಬಂದರೆ ಮಾತ್ರ ಸಭೆ ಸುಮ್ಮನಾಗುತ್ತದೆ. ನನಗೆ ಈ ಎರಡೂ ಬೇರೆ ಬೇರೆ ವಿಷಯ ಅಂತ ಅನಿಸುವುದಿಲ್ಲ. ಮೇಲಕ್ಕೆ ಕೊಟ್ಟಿದ್ದನ್ನು ಎಲ್ಲಿಂದಾದರೂ ವಸೂಲಿ ಮಾಡಲೇಬೇಕಲ್ವಾ? ಕೊನೆಗೆ ಅದನ್ನು ತುಂಬುವವನು ಗಿರಾಕಿ.

ಗುತ್ತಿಗೆದಾರರ ಲೆಕ್ಕವನ್ನೇ ತಗೊಳ್ಳೋಣ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ 40 ಪರ್ಸೆಂಟ್ ಕಮಿಷನ್ ಕೇಳುತ್ತಾರೆ ಎಂದು ಪ್ರಧಾನಿಗೇ ಪತ್ರ ಬರೆದಿತ್ತು. ದೇಶವೆಲ್ಲ ಸುದ್ದಿಯಾಯಿತು. ಆ 40 ಬೇಡ, ಹತ್ತೇ ಪರ್ಸೆಂಟ್ ಅಂತ ಇಟ್ಟುಕೊಳ್ಳಿ. 10 ಲಕ್ಷದ ಚರಂಡಿ ಕೆಲಸದಲ್ಲಿ ಒಂದು ಲಕ್ಷ ಹೋಯಿತು. ಸಿಮೆಂಟ್ ಚೀಲಕ್ಕೆ 400 ರೂಪಾಯಿ ಹಿಡಿದರೆ ಅದು 250 ಚೀಲ. ಲಾಭ ಬಿಟ್ಟು ಯಾರೂ ಕೆಲಸ ಮಾಡಲ್ಲ. ಹಾಗಾಗಿ ಆ 250 ಚೀಲ ಬಿಲ್ಲಿನಲ್ಲಿ ಇರುತ್ತದೆ, ಎಂ.ಬಿ. ಪುಸ್ತಕದಲ್ಲಿ ಇರುತ್ತದೆ, ಚರಂಡಿಯಲ್ಲಿ ಇರುವುದಿಲ್ಲ. ಎಂ-ಸ್ಯಾಂಡ್ ಅಂತ ಬರೆದು ಮಣ್ಣು ತೊಳೆದ ಫಿಲ್ಟರ್ ಮರಳು ಹಾಕುವುದು, ಕಂಬಿಯ ಅಂತರ ಜಾಸ್ತಿ ಮಾಡುವುದು, ಏಳು ದಿನ ನೀರು ಹಾಕಬೇಕಾದ ಕಡೆ ಎರಡೇ ದಿನಕ್ಕೆ ಕ್ಯೂರಿಂಗ್ ಮುಗಿಸುವುದು, ಎಲ್ಲ ಇಲ್ಲಿಂದಲೇ ಶುರು. ಬಯಲುಸೀಮೆಯಲ್ಲಾದರೆ ಇಂಥ ಕೆಲಸ ನಾಲ್ಕು ವರ್ಷ ಬಚ್ಚಿಟ್ಟುಕೊಂಡು ಕೂರಬಹುದು. ನಮ್ಮ ಮಲೆನಾಡಿನ ಮಳೆ ಒಂದು ಜುಲೈಗೇ ಹೊರಗೆ ಹಾಕುತ್ತದೆ. ಆಗ ಊರಿನವರು ಬೈಯುವುದು ಎಂಜಿನಿಯರನ್ನಲ್ಲ, ಬೋರ್ಡಿನ ಮೇಲೆ ಹೆಸರು ಬರೆಸಿಕೊಂಡ ನಿಮ್ಮನ್ನು.

ಮನೆ ಕಟ್ಟಿಸುವವರ ವಿಷಯದಲ್ಲಿ ಆ ನೆಪವೂ ಇಲ್ಲ. ಅಲ್ಲಿ ಯಾರೂ ಕಮಿಷನ್ ಕೇಳಿಲ್ಲ. ನಿವೃತ್ತಿ ದುಡ್ಡಲ್ಲಿ ಮನೆ ಕಟ್ಟಿಸುತ್ತಿರುವ ಮೇಷ್ಟ್ರಿಗೆ ಕಂಬಿಯ ಗೇಜು ಗೊತ್ತಾಗಲ್ಲ ಅಂತ ನಾವೇ ಇಳಿಸಿದರೆ, ಅದಕ್ಕೆ ಯಾವ ವ್ಯವಸ್ಥೆಯನ್ನೂ ದೂರುವ ಹಾಗಿಲ್ಲ.

ಇನ್ನು ಅಂಗಡಿಯವರು. ಕಾಫಿ ಪುಡಿ ಮಾರುವವರು ಸ್ವಲ್ಪ ಗಮನ ಕೊಡಿ. ಈಚಿನ ವರ್ಷಗಳಲ್ಲಿ ಬೀಜದ ರೇಟು ಎಲ್ಲಿಗೆ ಏರಿತು ಅಂತ ನಿಮಗೇ ಗೊತ್ತು. ಚಿಕೋರಿ ಅಗ್ಗ. ಕಾನೂನು ಚಿಕೋರಿ ಬೇಡ ಅಂದಿಲ್ಲ. ನೂರಕ್ಕೆ 49ರವರೆಗೆ ಹಾಕಬಹುದು, ಆದರೆ ಪೊಟ್ಟಣದ ಮೇಲೆ ಎಷ್ಟಿದೆ ಅಂತ ಬರೆಯಬೇಕು. 80–20 ಕೇಳಿದವರಿಗೆ 65–35 ಪುಡಿ ಕಟ್ಟಿ 80–20ರ ದುಡ್ಡು ತಗೊಳ್ಳುವುದು ಕಳ್ಳತನ. ಚಿಕ್ಕಮಗಳೂರು ಕಾಫಿ ಅಂತ ಬೆಂಗಳೂರಿಂದ ಬಂದ ಪ್ರವಾಸಿಗರು ಎರಡೆರಡು ಕೆಜಿ ಒಯ್ಯುತ್ತಾರೆ. ಅವರು ಮತ್ತೆ ಬಂದು ಜಗಳ ಆಡಲ್ಲ ಅನ್ನುವುದು ನಿಜ. ಮನೆಗೆ ಹೋಗಿ ಕುಡಿದು, ಊರಿನ ಹೆಸರಿಗೇ ಒಂದು ಮಾತು ಅಂದುಬಿಡುತ್ತಾರೆ.

ಖರೀದಿದಾರರಲ್ಲಿ ನನ್ನ ಕೋರಿಕೆ ಇಷ್ಟು. ಆಲ್ದೂರು, ಬಾಳೆಹೊನ್ನೂರು ಕಡೆಯಿಂದ ಐದಾರು ಚೀಲ ರೋಬಸ್ಟಾ ಚೆರಿ ತರುವ ಸಣ್ಣ ಬೆಳೆಗಾರನಿಗೆ ಔಟ್‌ಟರ್ನ್ ತೆಗೆಯುವಾಗ ಅವನ ಕಣ್ಣೆದುರೇ ತೆಗೆಯಿರಿ. 50 ಕೆಜಿ ಚೀಲಕ್ಕೆ 28 ಬಂದದ್ದನ್ನು 27 ಅಂದರೆ ಚೀಲಕ್ಕೆ ಒಂದು ಕೆಜಿ ಬೀಜ ಹೋಯಿತು. ತೇವಾಂಶದ ಮೀಟರಿನ ಮುಖ ಅವನ ಕಡೆಗಿರಲಿ. ಸ್ಯಾಂಪಲ್ ಅಂತ ತೆಗೆದ ಬೊಗಸೆ ಕಾಳುಮೆಣಸು ಚೀಲಕ್ಕೆ ವಾಪಸ್ ಹೋಗಲಿ. ದೊಡ್ಡ ಎಸ್ಟೇಟಿನವರಿಗೆ ಈ ಆಟ ಯಾರೂ ಆಡುವುದಿಲ್ಲ, ಗಮನಿಸಿದ್ದೀರಾ? ಕೇಳುವ ಧೈರ್ಯ ಇಲ್ಲದವನ ಹತ್ತಿರವೇ ಕೈ ಚಾಚುವುದು ನನಗೆ ಎಲ್ಲಕ್ಕಿಂತ ಅಸಹ್ಯ.

ಹಬ್ಬ ಹತ್ತಿರ ಬಂತು, ಸ್ವೀಟ್ ಅಂಗಡಿಯವರು ಡಬ್ಬದ ಸಮೇತ ತೂಗಬೇಡಿ. ರಟ್ಟನ್ನು ಮೈಸೂರ್‌ಪಾಕಿನ ರೇಟಿಗೆ ಮಾರಿದ ಹಾಗಾಗುತ್ತದೆ.

ಈಗ ಲಂಚ. ಮಾಮೂಲು ಕೇಳಲು ಬರುವವನಿಗೆ ಮುಕ್ಕಾಲು ಪಾಲು ಧೈರ್ಯ ಕೊಡುವವರು ನಾವೇ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಆಗಬೇಕು. ಹಾಕಿಸಿರುವುದಿಲ್ಲ. ಟ್ರೇಡ್ ಲೈಸೆನ್ಸ್ ನವೀಕರಿಸಿರುವುದಿಲ್ಲ. ಎಂ.ಆರ್.ಪಿ. ಮೇಲೆ ಎರಡು ರೂಪಾಯಿ 'ಕೂಲಿಂಗ್ ಚಾರ್ಜ್' ಹಾಕಿರುತ್ತೇವೆ. ಅವನು ಬಾಗಿಲಲ್ಲಿ ನಿಂತರೆ ನಮ್ಮ ಕೈ ತಾನಾಗಿ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ.

ಎಲ್ಲ ಸರಿ ಇದ್ದರೂ ಕೇಳುವವರು ಇದ್ದಾರೆ, ಇಲ್ಲ ಅನ್ನಲ್ಲ. ಅಂಥ ಕಡೆ ಅರ್ಜಿ ಕೊಟ್ಟ ದಿನವೇ ಸಕಾಲ ನಂಬರ್ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಗಡುವು ಇದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ದುಡ್ಡು ಚಿಲ್ಲರೆಯೇ, ಆದರೆ ಮೇಲ್ಮನವಿ ಹೋದರೆ ತಡ ಮಾಡಿದವರು ಉತ್ತರ ಹೇಳಬೇಕಾಗುತ್ತದೆ. ತಡೆಹಿಡಿದ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಅನ್ನಿ. ಬಾಯಲ್ಲಿ ನೂರು ಕಾರಣ ಹೇಳುವವರು ಕಾಗದದ ಮೇಲೆ ಒಂದನ್ನೂ ಬರೆಯಲು ಹಿಂದೆಮುಂದೆ ನೋಡುತ್ತಾರೆ.

ಇನ್ನೊಂದು ವಿಷಯ ನಮ್ಮಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವನೂ ಅಪರಾಧಿ. 7 ವರ್ಷದವರೆಗೆ ಜೈಲು ಆಗಬಹುದು. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ಹೇಳಿ, ಅವರ ಮಾತಿನಂತೆ ನಡೆದರೆ ನಿಮ್ಮ ಮೇಲೆ ತಪ್ಪಿಲ್ಲ. 2022ರಲ್ಲಿ ಎಸಿಬಿ ರದ್ದಾದ ಮೇಲೆ ಈ ಕೆಲಸ ಮತ್ತೆ ಅವರದೇ. 'ಎಲ್ಲರೂ ಕೊಡ್ತಾರೆ ಬಿಡಿ ಸಾರ್' ಅನ್ನುವ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ.

ಪ್ರಾಮಾಣಿಕವಾಗಿದ್ದರೆ ವ್ಯಾಪಾರ ಜಾಸ್ತಿ ಆಗುತ್ತದೆ ಅಂತ ನಾನು ಹೇಳಲಾರೆ. ಕಮಿಷನ್ ಕೊಡದವನ ಬಿಲ್ಲು ಆರು ತಿಂಗಳು ಟೇಬಲ್ಲಿನಿಂದ ಟೇಬಲ್ಲಿಗೆ ಅಲೆಯುತ್ತದೆ. ಅಷ್ಟರಲ್ಲಿ ಕೂಲಿ ಕೊಡಬೇಕು, ಸಿಮೆಂಟ್ ಅಂಗಡಿಯವನು ಫೋನ್ ಮಾಡುತ್ತಾನೆ, ಬಡ್ಡಿ ಬೆಳೆಯುತ್ತದೆ. ಒಬ್ಬನೇ ನಿಂತರೆ ಸೋಲುವುದೇ ಹೆಚ್ಚು. ಸಂಘ ಇರುವುದು ಇದಕ್ಕೇ ಅಲ್ವಾ? ಅದಕ್ಕೆ ಕಳೆದ ಸಭೆಯಲ್ಲಿ ಮೂರು ತೀರ್ಮಾನ ಮಾಡಿದ್ದೇವೆ. ಕೆಲಸ ಮುಗಿಸಿ, ಅಳತೆ ಆಗಿ, ಬಿಲ್ಲು ನಿಂತಿರುವವರ ಪರವಾಗಿ ಸಂಘದ ಲೆಟರ್‌ಹೆಡ್‌ನಲ್ಲೇ ಪತ್ರ ಹೋಗುತ್ತದೆ. ಯಾರ ಹೆಸರೂ ಒಂಟಿಯಾಗಿ ಮುಂದೆ ಬರುವುದಿಲ್ಲ. ಅಂಥವರಿಗೆ ಸಿಮೆಂಟ್, ಕಂಬಿ ಅಂಗಡಿಯವರು ಸಾಲದ ಗಡುವನ್ನು 60 ದಿನ ಮುಂದೂಡಲು ಒಪ್ಪಿದ್ದಾರೆ. ತೂಕದಲ್ಲೋ ಮಾಲಿನಲ್ಲೋ ಮೋಸ ಮಾಡಿ ಸಿಕ್ಕಿಬಿದ್ದ ಸದಸ್ಯರ ಪರವಾಗಿ ಮಾತ್ರ ಸಂಘ ಯಾರ ಹತ್ತಿರವೂ ಮಾತಾಡಲು ಹೋಗುವುದಿಲ್ಲ. ಅದು ನನ್ನ ತಮ್ಮನ ಅಂಗಡಿಯಾದರೂ ಅಷ್ಟೇ.

ಬಿಲ್ಲು ಬಾಕಿ ಇರುವವರು ವರ್ಕ್ ಆರ್ಡರ್ ಮತ್ತು ಎಂ.ಬಿ. ಪುಟದ ಜೆರಾಕ್ಸ್ ಅನ್ನು ಶುಕ್ರವಾರದೊಳಗೆ ಸಂಘದ ಕಚೇರಿಗೆ ಮುಟ್ಟಿಸಿ. ತಕ್ಕಡಿಯ ಮುದ್ರೆ ಅವಧಿ ಮುಗಿದವರು ಕಾರ್ಯದರ್ಶಿ ಹತ್ತಿರ ಹೆಸರು ಬರೆಸಿ. ಎಲ್ಲರ ಅರ್ಜಿಯನ್ನೂ ಒಟ್ಟಿಗೆ ಇಲಾಖೆಗೆ ಕೊಡುತ್ತೇವೆ. ಶುಲ್ಕ ನಿಮ್ಮದು, ರಸೀದಿ ಕೇಳಿ ಪಡೆಯಿರಿ.

ಹಬ್ಬದ ಶುಭಾಶಯಗಳು.

ಇಂತಿ ನಿಮ್ಮ,
ಅಧ್ಯಕ್ಷ